ಹಂಡೆ ನೀರಿನ ಅಮ್ಮ, ಕೆನಡಾದ ಚಳಿ ಮತ್ತು ಬಿರಿದ ಕಾಲು

ಕಳೆದ ಸಲ ದೀಪಾವಳಿಗೆ ಸರಿಯಾಗಿ ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದರು. ನಾವಿರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿ. ಅಮ್ಮನಿಗೆ 73 ವರ್ಷ. ಬಿ.ಪಿ. ಮಾತ್ರೆ ಒಂದನ್ನು ಬಿಟ್ಟರೆ ಬೇರೆ ಔಷಧ ಇಲ್ಲ, ತೋಟದಲ್ಲಿ ಓಡಾಡಿದ ಗಟ್ಟಿ ಜೀವ. ಏಪ್ರಿಲ್‌ವರೆಗೆ ಇದ್ದು ಹೋಗಲಿ ಎಂದು ಟಿಕೆಟ್ ಮಾಡಿಸಿದ್ದೆವು. ಚಳಿಯನ್ನು ತಡೆಯಲು ಕೋಟು, ಟೊಪ್ಪಿ, ಬೂಟು ಎಲ್ಲ ತಂದಿಟ್ಟಿದ್ದೆವು. ಮನೆಯೊಳಗಿನ ಬೆಚ್ಚಗಿನ ಗಾಳಿಯೇ ಕಾಡುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಡಿಸೆಂಬರ್ ಎರಡನೇ ವಾರದ ಒಂದು ರಾತ್ರಿ ಎರಡು ಗಂಟೆಗೆ ಅವರ ಕೋಣೆಯಿಂದ ಪರಪರ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಮ್ಮ ಮಂಚದ ಮೇಲೆ ಕುಳಿತು ತಲೆ ಬಾಚುವ ಹಣಿಗೆಯಿಂದ ಕಣಕಾಲು ಕೆರೆದುಕೊಳ್ಳುತ್ತಿದ್ದರು. ಹಾಸಿಗೆಯ ಮೇಲೆ ಬಿಳಿ ಹೊಟ್ಟು ಉದುರಿತ್ತು, ಅಲ್ಲಲ್ಲಿ ರಕ್ತದ ಚುಕ್ಕೆ. “ಕೆರ್ಕೊಳ್ದೆ ಇದ್ರೆ ನಿದ್ದೆ ಬರಲ್ಲ, ಕೆರ್ಕೊಂಡ್ರೆ ಉರಿ ತಡಿಯಕ್ಕಾಗಲ್ಲ. ನನ್ನ ಊರಿಗೆ ಕಳಿಸಿಬಿಡು ಮಾರಾಯ, ಇದು ನನ್ನ ಮೈಗೆ ಆಗೋ ದೇಶ ಅಲ್ಲ” ಎಂದರು. ಎರಡು ವಾರದಿಂದ ಹೀಗೇ ನಡೆದಿತ್ತಂತೆ. ನಾವು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಓಡುವವರು, ನಮ್ಮ ನಿದ್ದೆ ಕೆಡಬಾರದೆಂದು ಅವರು ಹೇಳಿರಲಿಲ್ಲ.

ಮೊದಲು ನಾವು ಹಾಸಿಗೆಯ ಮೇಲೆ ಅನುಮಾನಪಟ್ಟೆವು. ತಿಗಣೆ ಇದೆಯೇ ಎಂದು ಟಾರ್ಚ್ ಹಾಕಿ ಹುಡುಕಿದೆವು, ಬಟ್ಟೆ ಒಗೆಯುವ ಪುಡಿ ಬದಲಿಸಿದೆವು. ಅಮ್ಮನ ಅನುಮಾನ ನಂಜಿನ ಮೇಲೆ. ಬದನೆಕಾಯಿ, ಶೇಂಗಾ ಎರಡನ್ನೂ ಬಿಟ್ಟರು. ಏನೂ ಕಡಿಮೆಯಾಗಲಿಲ್ಲ. ಅವರಿಗೆ ಸಮಾಧಾನ ಕೊಡುತ್ತಿದ್ದುದು ಸ್ನಾನವೊಂದೇ. ಬೆಳಿಗ್ಗೆ ಒಂದು ಸಲ ಮಾಡುತ್ತಿದ್ದವರು ಸಂಜೆಯೂ ಶುರು ಮಾಡಿದರು. ಊರಿನ ಬಚ್ಚಲಲ್ಲಿ ಹಂಡೆಯಿಂದ ಮೊಗೆದು ಹೊಯ್ದುಕೊಳ್ಳುವ ಕುದಿ ಕುದಿ ನೀರಿನ ಅಭ್ಯಾಸ ಅವರದು. ಇಲ್ಲಿ ಶವರಿನ ತಿರುಪನ್ನು ಕೊನೆಯವರೆಗೆ ತಿರುಗಿಸಿ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದರು. ಮೈಗೆಲ್ಲ ಸೋಪು, ಕಾಲಿಗೆ ನಾರಿನಿಂದ ಉಜ್ಜಾಟ, ಕೊನೆಗೆ ಒಂದು ಮುಚ್ಚಳ ಆಂಟಿಸೆಪ್ಟಿಕ್ ದ್ರಾವಣ. “ಬಿಸಿನೀರು ಬಿದ್ದಾಗ ಸ್ವರ್ಗ, ಅರ್ಧ ಗಂಟೆ ಆದ್ಮೇಲೆ ಮೊದಲಿಗಿಂತ ಜಾಸ್ತಿ” ಎಂದು ಅವರೇ ಹೇಳುತ್ತಿದ್ದರು. ಇಡೀ ಕಾಯಿಲೆಯ ಗುಟ್ಟು ಆ ಮಾತಿನಲ್ಲೇ ಇತ್ತು. ನಮಗೆ ಆಗ ಅರ್ಥವಾಗಲಿಲ್ಲ.

ಸೂಟ್‌ಕೇಸಿನಿಂದ ಒಂದು ಟ್ಯೂಬ್ ಕೂಡ ಹೊರಬಂತು. ಊರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಟ್ಟದ್ದು, “ಎಲ್ಲಾ ಥರದ ತುರಿಕೆಗೂ ಆಗುತ್ತೆ” ಎಂದು ಹೇಳಿ. ಹಚ್ಚಿದ ಎರಡು ದಿನ ನವೆ ನಿಂತಿತು, ಮೂರನೇ ದಿನ ಮರಳಿತು. ಶನಿವಾರ ನಾವು ಅವರನ್ನು ವಾಕ್-ಇನ್ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು.

ಒಣಗಿದ ಕೆರೆಯ ಹಾಗೆ

ಅಲ್ಲಿನ ಡಾಕ್ಟರ್ ಕೈಗೆ ಭೂತಗನ್ನಡಿ ಕೂಡ ತೆಗೆದುಕೊಳ್ಳಲಿಲ್ಲ. ಎರಡೂ ಕಣಕಾಲಿನ ಮುಂಭಾಗದಲ್ಲಿ ಚರ್ಮ ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಹಲ್ಲೆಗಳಾಗಿ ಬಿರಿದಿತ್ತು. ಬಿರುಕಿನ ಅಂಚು ಕೆಂಪು, ನಡುವೆ ಒಣ ಹೊಟ್ಟು. ಇದಕ್ಕೆ ಆಸ್ಟಿಯಟೋಟಿಕ್ ಎಕ್ಸಿಮಾ ಎಂದು ಹೆಸರು. ಹಳೆಯ ಪಿಂಗಾಣಿ ತಟ್ಟೆಯ ಮೇಲೆ ಕಾಣುವ ಕೂದಲೆಳೆಯ ಬಿರುಕುಗಳನ್ನು ನೆನಪಿಸುವುದರಿಂದ ಫ್ರೆಂಚರು ಎಕ್ಸಿಮಾ ಕ್ರಾಕಲೆ ಎಂದರು. ಚಳಿಗಾಲದ ನವೆಯ ಬಗ್ಗೆ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಲೂಯಿ ಡೂರಿಂಗ್ 1874ರಲ್ಲೇ ಬರೆದಿದ್ದರು. ನಮ್ಮ ಅಮ್ಮನ ಕಾಲಿಗೆ ಬಂದದ್ದು ಹೊಸ ರೋಗವೇನಲ್ಲ.

ಕಣಕಾಲಿಗೇ ಏಕೆ? ಚರ್ಮಕ್ಕೆ ಜಿಡ್ಡು ಒಸರುವ ಸಣ್ಣ ಗ್ರಂಥಿಗಳು ಮುಖ, ತಲೆ, ಎದೆ, ಬೆನ್ನಿನಲ್ಲಿ ಹೆಚ್ಚು, ಕಣಕಾಲಿನಲ್ಲಿ ತೀರಾ ಕಡಿಮೆ. ವಯಸ್ಸಾದಂತೆ ಅವು ಇನ್ನೂ ಸೋಮಾರಿಗಳಾಗುತ್ತವೆ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಂಡರೆ, ಇಟ್ಟಿಗೆಗಳ ನಡುವಿನ ಗಾರೆ ಕೊಬ್ಬಿನದು. ಒಳಗಿನ ನೀರು ಆವಿಯಾಗಿ ಹೋಗದಂತೆ ಹಿಡಿದಿಡುವುದು ಆ ಗಾರೆ. ಬಿಸಿನೀರು ಕೊಬ್ಬನ್ನು ಕರಗಿಸುತ್ತದೆ, ಸೋಪು ಅದನ್ನು ತೊಳೆದು ಒಯ್ಯುತ್ತದೆ. ಎಣ್ಣೆ ಪಾತ್ರೆ ಬೆಳಗುವಾಗ ನಮಗೆ ಬೇಕಾದದ್ದೂ ಅದೇ ತಾನೆ? ಸಾಲದ್ದಕ್ಕೆ ಸಾಮಾನ್ಯ ಸೋಪು ಕ್ಷಾರೀಯ, ಚರ್ಮದ ಸ್ವಭಾವವೋ ತುಸು ಆಮ್ಲೀಯ. ತೊಳೆದುಹೋದ ಗಾರೆಯನ್ನು 30 ವರ್ಷದವರ ಚರ್ಮ ಬೇಗ ಮತ್ತೆ ಕಟ್ಟಿಕೊಳ್ಳುತ್ತದೆ, 73ರ ಚರ್ಮಕ್ಕೆ ಅಷ್ಟು ಬೇಗ ಆಗುವುದಿಲ್ಲ. ಅಷ್ಟರಲ್ಲಿ ಸಂಜೆಯ ಸ್ನಾನ ಬಂದಿರುತ್ತದೆ. ಬಿಸಿನೀರಿನ ಸುಖ ನವೆಯನ್ನು ಅರ್ಧ ಗಂಟೆ ಮರೆಸಿ, ಅದಕ್ಕೆ ಮೇವು ಹಾಕಿ ಹೋಗುತ್ತಿತ್ತು.

“ನಾನು ಐವತ್ತು ವರ್ಷದಿಂದ ಹೀಗೇ ಸ್ನಾನ ಮಾಡಿದ್ದು, ಅಲ್ಲಿ ಯಾಕೆ ಬರಲಿಲ್ಲ?” ಎಂದು ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಗಾಳಿಯಲ್ಲಿದೆ. ಹೊರಗೆ ಮೈನಸ್ 10 ಡಿಗ್ರಿ ಇರುವಾಗ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 2 ಗ್ರಾಂ ಚಿಲ್ಲರೆ ನೀರಾವಿಯನ್ನು ಹಿಡಿಯಬಲ್ಲದು. ಆ ಗಾಳಿ ಮನೆಯೊಳಗೆ ಬಂದು, ಫರ್ನೇಸಿನಲ್ಲಿ ಕಾದು 22 ಡಿಗ್ರಿ ಆದಾಗ ಸುಮಾರು 19 ಗ್ರಾಂ ಹಿಡಿಯುವಷ್ಟು ಬಾಯಾರಿರುತ್ತದೆ. ಒಳಗಿರುವುದು ಅದೇ 2 ಗ್ರಾಂ. ಅಂದರೆ ಶೇಕಡ 12ರ ಆಸುಪಾಸಿನ ತೇವಾಂಶ. ಅಡುಗೆ, ಸ್ನಾನದ ಹಬೆಯಿಂದ ಸ್ವಲ್ಪ ಹೆಚ್ಚುತ್ತದೆ. ನಾವು ಒಂದು ಸಣ್ಣ ತೇವಮಾಪಕ ತಂದಿಟ್ಟಾಗ ಅಮ್ಮನ ಕೋಣೆಯಲ್ಲಿ 17 ತೋರಿಸಿತು. ಮಲೆನಾಡಿನ ಗಾಳಿ ಮಳೆಗಾಲದಲ್ಲಿ ಹಪ್ಪಳವನ್ನು ಮೆತ್ತಗಾಗಿಸುತ್ತದೆ. ಇಲ್ಲಿಯ ಗಾಳಿ ಮೈಯನ್ನೇ ಹಪ್ಪಳ ಮಾಡುತ್ತದೆ. ಅದರ ಮೇಲೆ ಅಮ್ಮ ನೆಲದ ಜಾಲರಿಯಿಂದ ಬರುವ ಬಿಸಿಗಾಳಿಗೆ ಕಾಲು ಚಾಚಿ ಕುಳಿತೇ ಟಿ.ವಿ. ನೋಡುತ್ತಿದ್ದರು. ಬೆಚ್ಚಗಿದೆಯಲ್ಲ ಎಂದು ನಾವೇ ಅಲ್ಲಿ ಕುರ್ಚಿ ಹಾಕಿಕೊಟ್ಟಿದ್ದೆವು.

ಬಚ್ಚಲಿನ ಒಪ್ಪಂದ

ಸ್ನಾನ ಕಡಿಮೆ ಮಾಡಿ ಎಂದು ಹೇಳುವುದು ಸುಲಭ. ಬೆಳಿಗ್ಗೆ ಮಿಂದು, ಮಡಿಯಾಗಿ, ದೀಪ ಹಚ್ಚದೆ ಕಾಫಿಯನ್ನೂ ಮುಟ್ಟದ ಜೀವಕ್ಕೆ ದಿನ ಬಿಟ್ಟು ದಿನ ಮೀಯಿರಿ ಎಂದರೆ ಜಗಳವೇ. ಡಾಕ್ಟರ್ ಜಾಣರು. ಸ್ನಾನ ದಿನವೂ ಇರಲಿ, ಒಂದೇ ಸಲ ಇರಲಿ, ಆದರೆ ರೀತಿ ಬದಲಾಗಲಿ ಎಂದರು. ನೀರು ಉಗುರುಬೆಚ್ಚಗೆ: ಮೊಣಕೈ ಅದ್ದಿದರೆ ಬಿಸಿ ಎನಿಸಬಾರದು, ಕನ್ನಡಿಗೆ ಹಬೆ ದಟ್ಟವಾಗಿ ಮುಚ್ಚಬಾರದು. ಹೊತ್ತು ಐದರಿಂದ ಹತ್ತು ನಿಮಿಷ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಮನೆಯೊಳಗೇ ಇರುವ ಹಿರಿಯರ ಕಣಕಾಲಿನಲ್ಲಿ ಸೋಪು ಹಾಕಿ ತೊಳೆಯುವಂಥ ಕೊಳೆ ಇರುವುದಿಲ್ಲ, ಬರೀ ನೀರು ಸಾಕು. ಸೋಪಿನ ಬದಲು ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ನಾರು ಮತ್ತು ಆಂಟಿಸೆಪ್ಟಿಕ್ ದ್ರಾವಣ ಎರಡಕ್ಕೂ ರಜೆ. ಸಂಜೆ ಬೇಕೆನಿಸಿದರೆ ಕೈಕಾಲು ಮುಖಕ್ಕೆ ನೀರು.

ಅಮ್ಮನ ಕೊನೆಯ ವಾದ ಎಣ್ಣೆಯದು. “ವಾರಕ್ಕೊಂದು ಸಲ ಎಣ್ಣೆ ಹಚ್ಚಿಯೇ ಮೀಯೋದು ನಾನು, ಮತ್ತೆ ಹೇಗೆ ಒಣಗುತ್ತೆ?” ನಾವು ಕ್ರಮ ನೋಡಿದೆವು. ಎಣ್ಣೆ ಹಚ್ಚಿ, ಒಂದು ಗಂಟೆ ಬಿಟ್ಟು, ಬಿಸಿನೀರು ಹೊಯ್ದು, ಕಡಲೆಹಿಟ್ಟು ಸೀಗೆಪುಡಿಯಿಂದ ಒಂದಿಷ್ಟೂ ಉಳಿಯದಂತೆ ತೆಗೆಯುವುದು. ಅಭ್ಯಂಜನದಲ್ಲಿ ಜಿಡ್ಡು ಸ್ನಾನಕ್ಕೆ ಮೊದಲು, ಇಲ್ಲಿ ಬೇಕಾದದ್ದು ಸ್ನಾನದ ನಂತರ. ಅದೂ ಮೈ ಪೂರ್ತಿ ಒಣಗುವ ಮೊದಲು. ಟವೆಲಿನಿಂದ ಒತ್ತಿ ಒತ್ತಿ ನೀರು ತೆಗೆದು, ಚರ್ಮ ಇನ್ನೂ ತೇವ ಇರುವಾಗಲೇ, ಮೂರು ನಿಮಿಷದೊಳಗೆ ಹಚ್ಚಬೇಕು. ಚರ್ಮ ಹೀರಿಕೊಂಡ ನೀರಿನ ಮೇಲೆ ಮುಚ್ಚಳ ಹಾಕಿದ ಹಾಗೆ. ತಡ ಮಾಡಿದರೆ ಆ ನೀರು ಹಾರಿಹೋಗುವಾಗ ಚರ್ಮ ಇನ್ನಷ್ಟು ಒಣಗುತ್ತದೆ.

ಟಬ್ಬಿನೊಳಗೆ ನಿಂತು ಹಚ್ಚಿಕೊಳ್ಳಬಾರದು ಎಂದು ಅಲ್ಲಿನ ನರ್ಸ್ ಎರಡು ಸಲ ಹೇಳಿದರು. ಜಿಡ್ಡಿನ ಕಾಲು, ನುಣುಪು ಟಬ್ಬು, ಮೂಳೆ ಸವೆದ ವಯಸ್ಸು. ತುರಿಕೆಗೆ ಔಷಧ ಹಚ್ಚಲು ಹೋಗಿ ಸೊಂಟ ಮುರಿದುಕೊಳ್ಳುವುದು ಬೇಡ. ಹೊರಗೆ ಒಂದು ಸ್ಟೂಲ್ ಇಟ್ಟೆವು. ಹಚ್ಚಿದ ಮೇಲೆ ಹತ್ತಿಯ ಸಾಕ್ಸ್, ಆಮೇಲೆ ನಡಿಗೆ.

ಯಾವ ಡಬ್ಬಿ?

ನಾವು ಮೊದಲೇ ಒಂದು ಲೋಶನ್ ತಂದುಕೊಟ್ಟಿದ್ದೆವು. ಲ್ಯಾವೆಂಡರ್ ಪರಿಮಳ, ಒತ್ತಿದರೆ ಸುರಿಯುವ ಬಾಟಲಿ, ಬೆಲೆಯೂ ಜಾಸ್ತಿ. ಹಚ್ಚಿದೊಡನೆ ಅಮ್ಮ ಉರಿ ಎಂದು ಕಾಲು ಕೊಡವಿದ್ದರು. ಡಾಕ್ಟರ್ ಹೇಳಿದ ಲೆಕ್ಕ ಸರಳ. ಸುರಿದರೆ ಹರಿಯುವುದು ಲೋಶನ್, ಅದರಲ್ಲಿ ನೀರೇ ಹೆಚ್ಚು, ಬೇಗ ಆರಿಹೋಗುತ್ತದೆ. ಡಬ್ಬಿಯಿಂದ ಬೆಣ್ಣೆಯ ಹಾಗೆ ತೋಡಿ ತೆಗೆಯಬೇಕಾದದ್ದು ಕ್ರೀಮ್. ನೀರೇ ಇಲ್ಲದೆ ಅಂಟಂಟಾಗಿ ಕೂರುವುದು ಮುಲಾಮು, ಪೆಟ್ರೋಲಿಯಂ ಜೆಲ್ಲಿಯಂಥದ್ದು. ಬಿರಿದ ಕಣಕಾಲಿಗೆ ಕ್ರೀಮ್ ಅಥವಾ ಮುಲಾಮು. ಯಾವುದಾದರೂ ವಾಸನೆಯಿಲ್ಲದ್ದು. ಇಲ್ಲಿ ಒಂದು ಸೂಕ್ಷ್ಮ ಇದೆ. ಲೇಬಲ್ಲಿನಲ್ಲಿ ‘ಫ್ರಾಗ್ರೆನ್ಸ್ ಫ್ರೀ’ ಎಂದಿರಬೇಕು. ‘ಅನ್‌ಸೆಂಟೆಡ್’ ಎಂದಿದ್ದರೆ ವಾಸನೆ ಮರೆಮಾಚಲು ಬೇರೆ ಸುಗಂಧ ಸೇರಿಸಿರಬಹುದು.

ಹಗಲಿಗೆ ಕ್ರೀಮ್, ರಾತ್ರಿಗೆ ಜೆಲ್ಲಿ ಎಂದು ನಾವು ಗೊತ್ತುಮಾಡಿಕೊಂಡೆವು. ಹಗಲಲ್ಲಿ ಜೆಲ್ಲಿ ಹಚ್ಚಿದರೆ ಸೀರೆಗೆ ಕಲೆ, ಅಮ್ಮನಿಗೆ ಕಿರಿಕಿರಿ. ಪ್ರಮಾಣವನ್ನು ಬೆರಳಿನಲ್ಲಿ ಅಳೆಯಬಹುದು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಎಳೆದ ಒಂದು ಗೆರೆ ಸುಮಾರು ಅರ್ಧ ಗ್ರಾಂ. ಒಂದು ಮೊಣಕಾಲಿನಿಂದ ಕೆಳಕ್ಕೆ ಇಂಥ ಮೂರು ಗೆರೆಯಾದರೂ ಬೇಕು. ಎರಡು ಕಾಲು, ದಿನಕ್ಕೆರಡು ಸಲ ಎಂದರೆ 6 ಗ್ರಾಂ, ತಿಂಗಳಿಗೆ 180 ಗ್ರಾಂ. ಇದು ಕನಿಷ್ಠ. ಕೈಚೀಲದಲ್ಲಿ ಇಟ್ಟುಕೊಳ್ಳುವ 50 ಗ್ರಾಂ ಟ್ಯೂಬು ಒಂದು ತಿಂಗಳು ಬಂತು ಎಂದರೆ ಹಚ್ಚಿದ್ದು ಸಾಲಲಿಲ್ಲ ಎಂದೇ ಅರ್ಥ. ಹಚ್ಚುವಾಗ ಮೇಲಿನಿಂದ ಕೆಳಕ್ಕೆ, ರೋಮ ಮಲಗುವ ದಿಕ್ಕಿನಲ್ಲಿ ಸವರಬೇಕು. ಮೇಲೆ ಕೆಳಗೆ ತಿಕ್ಕಿದರೆ ರೋಮದ ಬುಡ ಮುಚ್ಚಿ ಗುಳ್ಳೆ ಏಳಬಹುದು.

ಅಮ್ಮ ಕೇಳಿದ ಮೊದಲ ಪ್ರಶ್ನೆ, “ಇದರಲ್ಲಿ ಪ್ರಾಣಿಯ ಕೊಬ್ಬು ಇದೆಯಾ? ಹಚ್ಚಿಕೊಂಡು ದೇವರ ಮುಂದೆ ಕೂರಬಹುದಾ?” ಪೆಟ್ರೋಲಿಯಂ ಜೆಲ್ಲಿ ನೆಲದಡಿಯ ಎಣ್ಣೆಯಿಂದ ಬಂದದ್ದು, ಪ್ರಾಣಿಯದೇನೂ ಇಲ್ಲ. ಲ್ಯಾನೊಲಿನ್ ಎಂದು ಬರೆದಿದ್ದರೆ ಅದು ಕುರಿಯ ಉಣ್ಣೆಯ ಜಿಡ್ಡು, ಕೆಲವರಿಗೆ ಅಲರ್ಜಿಯೂ ಹೌದು. ಲ್ಯಾನೊಲಿನ್ ಇಲ್ಲದ್ದನ್ನೇ ಆರಿಸಿದೆವು. ಇನ್ನೊಂದು ಡಬ್ಬಿಯ ಮೇಲೆ ಶೇಕಡ 10 ಯೂರಿಯಾ ಎಂದಿತ್ತು. “ತೋಟಕ್ಕೆ ಹಾಕೋ ಯೂರಿಯಾನ ಕಾಲಿಗೆ ಹಚ್ಚೋದಾ!” ಎಂದು ಅಮ್ಮ ನಕ್ಕರು. ವಸ್ತು ಅದೇ. ನಮ್ಮ ಚರ್ಮದಲ್ಲೂ ಸಹಜವಾಗಿ ಇರುತ್ತದೆ, ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಆದರೆ ಬಿರುಕಿನ ಮೇಲೆ ಹಚ್ಚಿದರೆ ಹುಣ್ಣಿಗೆ ಉಪ್ಪು ಸವರಿದಂತೆ. ಬಿರುಕು ಕೂಡಿದ ಮೇಲೆ ಮಾತ್ರ.

ಕೊಬ್ಬರಿ ಎಣ್ಣೆ ಆಗದೇ ಎಂದು ಓದುಗರು ಕೇಳುತ್ತೀರಿ. ತೇವದ ಮೈಗೆ ಸ್ನಾನದ ನಂತರ ಹಚ್ಚಿದರೆ ಪ್ರಯೋಜನ ಇದೆ. ಆದರೆ ತೆಳು ಪದರ, ಮತ್ತೆ ಮತ್ತೆ ಹಚ್ಚಬೇಕು. ರಾತ್ರಿ ಹೀಟರ್ ಇಳಿಸಿದ ಮನೆಯಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ ಎಂಬುದು ಬೇರೆ ಮಾತು. ಕ್ಯಾಲಮೈನ್, ಟಾಲ್ಕಂ ಪೌಡರ್ ಮಾತ್ರ ಬೇಡ. ಊರಿನ ಸೆಖೆಯ ಬೆವರುಸಾಲೆಗೆ ತಣ್ಣಗೆನಿಸುವ ಅವೇ ಒಣ ಕಾಲನ್ನು ಇನ್ನೂ ಒಣಗಿಸುತ್ತವೆ.

ಸೂಟ್‌ಕೇಸಿನ ಟ್ಯೂಬನ್ನು ಡಾಕ್ಟರ್ ಓದಿ ಪಕ್ಕಕ್ಕಿಟ್ಟರು. ಅದರಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯಾಟಿಕ್ ಮೂರೂ ಬೆರೆತಿದ್ದವು. ಸ್ಟೀರಾಯ್ಡ್ ಇರುವುದರಿಂದ ನವೆ ಬೇಗ ಇಳಿಯುತ್ತದೆ, ಅದಕ್ಕೇ ಜನ ನಂಬುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಕಾಗದದಂತಾಗುತ್ತದೆ, ಕಣಕಾಲಿನ ಸಣ್ಣ ಗಾಯವೂ ಮಾಯಲು ಹಟ ಮಾಡುತ್ತದೆ. ಅವರು ಕೊಟ್ಟದ್ದೂ ಸ್ಟೀರಾಯ್ಡ್ ಮುಲಾಮೇ, ಆದರೆ ಸೌಮ್ಯವಾದದ್ದು, ಕೆಂಪಗಿದ್ದ ಕಡೆ ಮಾತ್ರ, ಹತ್ತು ದಿನಕ್ಕೆ ಮಾತ್ರ. ಅದಕ್ಕೂ ಮಾಯಿಶ್ಚರೈಸರ್‌ಗೂ ನಡುವೆ ಅರ್ಧ ಗಂಟೆ ಅಂತರ. ನಿದ್ದೆ ಬರಲೆಂದು ನೆಗಡಿಯ ಮಾತ್ರೆ ಕೊಡಬೇಡಿ ಎಂದೂ ಹೇಳಿದರು. ಆ ಮಾತ್ರೆಗಳ ಮಂಪರಿನಲ್ಲಿ ರಾತ್ರಿ ಬಾತ್‌ರೂಮಿಗೆ ಎದ್ದ ಹಿರಿಯರು ಬೀಳುತ್ತಾರೆ, ಒಣ ಚರ್ಮದ ನವೆಗೆ ಅವುಗಳಿಂದ ಲಾಭವೂ ಅಷ್ಟಕ್ಕಷ್ಟೆ.

ಒಂದು ಎಚ್ಚರಿಕೆ ನಮಗೆ ಹೊಸದು. ಜೆಲ್ಲಿ, ಕ್ರೀಮ್ ಹೀರಿಕೊಂಡ ಬಟ್ಟೆಗೆ ಬೆಂಕಿ ತಗುಲಿದರೆ ಬತ್ತಿಯ ಹಾಗೆ ಹತ್ತಿಕೊಳ್ಳುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ದಿನವೂ ದೀಪದ ಮುಂದೆ ನೆಲದಲ್ಲಿ ಕೂರುವ ಅಮ್ಮನ ಸೀರೆಯ ಅಂಚು ನೆನಪಾಯಿತು. ದೀಪವನ್ನು ಎತ್ತರದ ಮಣೆಗೆ ಏರಿಸಿದೆವು.

ಕುರ್ಚಿ ಜಾಲರಿಯಿಂದ ದೂರ ಹೋಯಿತು. ಮೈಗೆ ತಾಗಿ ಉಣ್ಣೆಯ ಬದಲು ಹತ್ತಿಯ ಪೈಜಾಮ ಬಂತು. ಕೋಣೆಗೆ ಒಂದು ಹ್ಯೂಮಿಡಿಫೈಯರ್ ಇಟ್ಟು ತೇವಾಂಶವನ್ನು 35ರ ಸುತ್ತ ನಿಲ್ಲಿಸಿದೆವು. ಒಮ್ಮೆ ಉತ್ಸಾಹದಲ್ಲಿ 50ಕ್ಕೆ ಏರಿಸಿದ್ದಕ್ಕೆ ಕಿಟಕಿಯ ಗಾಜಿನಲ್ಲಿ ನೀರಿಳಿದು ಚೌಕಟ್ಟಿನ ಮೂಲೆಗೆ ಬೂಷ್ಟು ಹಿಡಿಯಿತು. ಅದರ ನೀರನ್ನು ದಿನವೂ ಚೆಲ್ಲಿ ಒರೆಸಬೇಕು.

ನಾಲ್ಕನೇ ರಾತ್ರಿ ಅಮ್ಮ ಐದು ಗಂಟೆ ಒಂದೇ ಸಮ ಮಲಗಿದರು. ಕೆಂಪು ಇಳಿಯಲು ಹತ್ತು ದಿನ, ಬಿರುಕು ಕೂಡಲು ಹತ್ತಿರ ಹತ್ತಿರ ಮೂರು ವಾರ. ಸಂಕ್ರಾಂತಿಯ ಹೊತ್ತಿಗೆ ವಾಸಿಯಾಯಿತೆಂದು ನಾಲ್ಕು ದಿನ ಹಚ್ಚುವುದನ್ನು ಬಿಟ್ಟರು, ಐದನೇ ದಿನ ಹಣಿಗೆ ಮತ್ತೆ ಮಂಚಕ್ಕೆ ಬಂತು. ಇದು ಗುಣವಾಗಿ ಮುಗಿಯುವ ಕಾಯಿಲೆಯಲ್ಲ. ಹೀಟರ್ ಓಡುವ ತನಕ ಡಬ್ಬಿಯೂ ಓಡಬೇಕು.

ಎಲ್ಲ ತುರಿಕೆಯೂ ಒಣ ಚರ್ಮವಲ್ಲ

ಇದನ್ನು ಹೇಳಲೇಬೇಕು, ಏಕೆಂದರೆ ನಮ್ಮ ಕಥೆ ಕೇಳಿದ ಗೆಳೆಯರೊಬ್ಬರು ತಮ್ಮ ತಂದೆಗೂ ಅದೇ ಜೆಲ್ಲಿ ಹಚ್ಚುತ್ತಾ ಎರಡು ದಿನ ಕಳೆದರು. ಅವರ ಒಂದೇ ಕಾಲು ಕೆಂಪಾಗಿತ್ತು, ಮುಟ್ಟಿದರೆ ಬಿಸಿ, ನೋವು, ಸಂಜೆಗೆ ಚಳಿ ಜ್ವರ. ಕೆರೆದ ಗಾಯದಿಂದ ಸೋಂಕು ಒಳಗಿಳಿದಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಆಂಟಿಬಯಾಟಿಕ್ ಬೇಕಾಯಿತು. ಒಣ ಚರ್ಮದ ನವೆ ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಜ್ವರ ತರುವುದಿಲ್ಲ. ಕೆಂಪು ಹರಡುತ್ತಿದ್ದರೆ ಅಂದೇ ಡಾಕ್ಟರನ್ನು ಕಾಣಬೇಕು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ.

ಸಂಜೆ ಪಾದ ಊದಿ ಗಿಣ್ಣಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿದ್ದರೆ ರಕ್ತನಾಳದ ತೊಂದರೆ ಇರಬಹುದು. ಬೆರಳ ಸಂದಿ, ಮಣಿಕಟ್ಟಿನಲ್ಲಿ ರಾತ್ರಿ ಹೆಚ್ಚುವ ನವೆ ಮನೆಯ ಇನ್ನೊಬ್ಬರಿಗೂ ಬಂದಿದ್ದರೆ ಅದು ಕಜ್ಜಿ. ಚರ್ಮ ನೋಡಲು ಚೆನ್ನಾಗಿದ್ದೂ ಮೈಯೆಲ್ಲ ಕೆರೆಯುತ್ತಿದ್ದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆ ಆಗಬೇಕು. ನೀರಿನ ಗುಳ್ಳೆ ಎದ್ದರೂ ತೋರಿಸಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳಿಂದ ಕೆಲವರ ಚರ್ಮ ಒಣಗುವುದುಂಟು, ಆದರೆ ಕೇಳದೆ ನಿಲ್ಲಿಸುವಂತಿಲ್ಲ. ಎರಡು ವಾರ ಸರಿಯಾಗಿ ಹಚ್ಚಿಯೂ ನವೆ ಕಡಿಮೆಯಾಗದಿದ್ದರೆ ನಿಮ್ಮ ಊಹೆ ತಪ್ಪಿದೆ ಎಂದುಕೊಳ್ಳಿ. ಪ್ರವಾಸಿ ವಿಮೆ ಮಾಡಿಸುವಾಗ ಇಂಥ ಸಣ್ಣ ಕ್ಲಿನಿಕ್ ಭೇಟಿಗೆ ಹಣ ಸಿಗುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ. ನಾವು ಓದಿರಲಿಲ್ಲ, ಕೈಯಿಂದ ಕೊಟ್ಟೆವು.

ಅಮ್ಮ ಟಿಕೆಟ್ ಬದಲಿಸಲಿಲ್ಲ, ಏಪ್ರಿಲ್‌ನಲ್ಲೇ ಹೋದರು. ಊರಿನಲ್ಲಿ ಹಂಡೆ ನೀರು ಮತ್ತೆ ಕುದಿಯುತ್ತಿದೆ, ಅದನ್ನು ತಪ್ಪಿಸುವ ಶಕ್ತಿ ನಮಗಿಲ್ಲ. ಮೊನ್ನೆ ಫೋನಿನಲ್ಲಿ, ಪಕ್ಕದ ಮನೆಯವರು ಮಗಳ ಹೆರಿಗೆಗೆ ಜನವರಿಯಲ್ಲಿ ಜರ್ಮನಿಗೆ ಹೊರಟಿದ್ದಾರೆ, ಆ ಡಬ್ಬಿಯ ಹೆಸರು ಬರೆದು ಕಳಿಸು ಎಂದರು. ಹೆಸರು ಯಾವುದಾದರೂ ಆಗಲಿ, ವಾಸನೆ ಇಲ್ಲದ್ದು, ತೋಡಿ ತೆಗೆಯುವಂಥದ್ದು, ದೊಡ್ಡ ಡಬ್ಬಿಯೇ ಇರಲಿ ಎಂದು ಬರೆದು ಕಳಿಸಿದ್ದೇವೆ.